ಕಾಲಿಗೆ ಚಲನೆ ಕಡಿಮೆ ಇರುವವರು ಕುಳಿತು ಮಾಡಬಹುದಾದ ಸಂಪಾದನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲಿಯೋ, ಬೆನ್ನುಹುರಿಯ ಪೆಟ್ಟು, ಅಪಘಾತ, ಹೀಗೆ ಕಾರಣ ಯಾವುದೇ ಇರಲಿ, ಕಾಲು ಸರಿಯಾಗಿ ಆಡದೆ ಕೈ ಮತ್ತು ದನಿ ಗಟ್ಟಿಯಾಗಿರುವವರಿಗಾಗಿ ಈ ಪುಟ. ಕರ್ನಾಟಕದ ಸಣ್ಣ ಪಟ್ಟಣ ಅಥವಾ ಹಳ್ಳಿಯ ಮನೆಯಲ್ಲಿ ಕುಳಿತು ಕೆಲಸ ಆರಂಭಿಸುವವರನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ನೂರು ಉದ್ಯೋಗಗಳ ಪಟ್ಟಿ ಇಲ್ಲಿಲ್ಲ. ಸೀರೆಗೆ ಸಂಬಂಧಿಸಿದ ಕೈಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದೆ, ಏಕೆಂದರೆ ಅದು ಪ್ರತಿ ಊರಿನಲ್ಲೂ ಇದೆ, ಬಂಡವಾಳ ಕಡಿಮೆ ಕೇಳುತ್ತದೆ.

ಯಾವ ಕೆಲಸ ಹಿಡಿಯಬೇಕೆಂದು ಮೊದಲು ಹೇಗೆ ತೀರ್ಮಾನಿಸುವುದು?

ಕೆಲಸವನ್ನು ನೋಡುವ ಮೊದಲು ನೀವು ಕೂರುವ ರೀತಿಯನ್ನು ನೋಡಿ. ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳನ್ನು ಮೇಜಿನಿಂದ ಎತ್ತಿ, ಎದೆಯ ಮುಂದೆ ಐದು ನಿಮಿಷ ಹಿಡಿದುಕೊಳ್ಳಿ. ದೇಹ ವಾಲದಿದ್ದರೆ ಹೊಲಿಗೆ, ಕುಚ್ಚು, ಕಸೂತಿ ಎಲ್ಲವೂ ಸಾಧ್ಯ. ಬೆನ್ನಿನ ಮೇಲ್ಭಾಗದಲ್ಲಿ ಪೆಟ್ಟಾದವರಲ್ಲಿ ಹಲವರಿಗೆ ಇದು ಆಗುವುದಿಲ್ಲ. ಬೀಳದಿರಲು ಒಂದು ಕೈ ಸದಾ ಆಸರೆ ಹಿಡಿದಿರುತ್ತದೆ, ಅಂದರೆ ಕೆಲಸಕ್ಕೆ ಉಳಿಯುವುದು ಒಂದೇ ಕೈ. ಅಂಥವರು ಎದೆಯ ಕೆಳಗೆ ಅಗಲವಾದ ಬೆಲ್ಟನ್ನು ಕುರ್ಚಿಯ ಬೆನ್ನಿಗೆ ಸೇರಿಸಿ ಕಟ್ಟಿಕೊಂಡು ಮತ್ತೆ ಪರೀಕ್ಷಿಸಬೇಕು. ಉಸಿರಾಟಕ್ಕೆ ಬಿಗಿಯಾಗಬಾರದು. ಆಗಲೂ ಕಷ್ಟವೆನಿಸಿದರೆ ಕೈಕೆಲಸದ ಆಸೆಯಲ್ಲಿ ಮೂರು ತಿಂಗಳ ತರಬೇತಿಗೆ ಸೇರುವುದಕ್ಕಿಂತ ದನಿಯ ಕೆಲಸ ನೋಡುವುದು ಒಳ್ಳೆಯದು.

ಎರಡನೆಯದು, ಸ್ಪರ್ಶ. ಪೋಲಿಯೋ ಆದವರಿಗೆ ಕಾಲಿನಲ್ಲಿ ಬಲವಿಲ್ಲದಿದ್ದರೂ ಸ್ಪರ್ಶಜ್ಞಾನ ಇರುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಅದೂ ಹೋಗಿರುತ್ತದೆ. ಈ ಒಂದು ವ್ಯತ್ಯಾಸವೇ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದು, ಇಸ್ತ್ರಿ ಪೆಟ್ಟಿಗೆ ಎಲ್ಲಿಡಬೇಕು, ಬಿದ್ದ ಸೂಜಿಯನ್ನು ಹೇಗೆ ಹುಡುಕಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತದೆ.

ಹೊಲಿಗೆ ಯಂತ್ರ ತುಳಿಯಲು ಆಗುವುದಿಲ್ಲ. ಟೈಲರಿಂಗ್ ಬಿಟ್ಟುಬಿಡಬೇಕೇ?

ಬೇಡ. ತುಳಿಯುವ ಯಂತ್ರವನ್ನು ಮಾತ್ರ ಬಿಡಿ.

ಅಗ್ಗದ ದಾರಿಯೆಂದರೆ ಮಾಮೂಲಿ ಯಂತ್ರದ ತಲೆಗೆ ಪಕ್ಕದಲ್ಲಿ ಸಣ್ಣ ಮೋಟಾರ್ ಕೂಡಿಸುವುದು. ಅದರ ಜೊತೆ ಬರುವ ಪೆಡಲನ್ನು ನೆಲದ ಮೇಲೆ ಇಡಬೇಕೆಂಬ ಕಟ್ಟುಪಾಡೇನೂ ಇಲ್ಲ. ಅದನ್ನು ಮೇಜಿನ ಮೇಲೆ ಮೊಣಕೈ ಬೀಳುವ ಜಾಗದಲ್ಲಿ ಗಟ್ಟಿಯಾಗಿ ಕೂಡಿಸಿ ಮೊಣಕೈಯಿಂದ ಒತ್ತುವವರಿದ್ದಾರೆ. ಒಂದು ತೊಡಕಿದೆ: ನಿಧಾನವಾಗಿ ಹೊಲಿಯಲೆಂದು ಅರೆಬರೆ ಒತ್ತಿ ಹಿಡಿದರೆ ಪೆಡಲ್ ಬಿಸಿಯಾಗುತ್ತದೆ. ಜೊತೆಗೆ ಮೊಣಕೈ ಅಲ್ಲಿಯೇ ಸಿಕ್ಕಿಕೊಂಡಿರುವುದರಿಂದ ಆ ಕೈಯಲ್ಲಿ ಬಟ್ಟೆ ತಿರುಗಿಸುವುದು ಕಷ್ಟ. ನೇರ ಹೊಲಿಗೆಗೆ ತೊಂದರೆಯಿಲ್ಲ, ರವಿಕೆಯ ತೋಳಿನ ತಿರುವಿಗೆ ತಾಳ್ಮೆ ಬೇಕು.

ಇನ್ನೊಂದು, ಮನೆಬಳಕೆಯ ಎಲೆಕ್ಟ್ರಾನಿಕ್ ಯಂತ್ರ. ಇವುಗಳಲ್ಲಿ ಕೆಲವಕ್ಕೆ ಸೂಜಿಯ ಹತ್ತಿರವೇ ಶುರು ಮತ್ತು ನಿಲ್ಲಿಸುವ ಗುಂಡಿ ಇರುತ್ತದೆ, ಪಕ್ಕದಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಎರಡೂ ಕೈ ಬಟ್ಟೆಗೆ ಸಿಗುತ್ತವೆ. ಕೊಳ್ಳುವಾಗ ಮಾದರಿಯ ಹೆಸರಿಗಿಂತ ಈ ಗುಂಡಿ ಇದೆಯೇ ಎಂದು ಕಣ್ಣಾರೆ ನೋಡಿ, ಅಂಗಡಿಯಲ್ಲಿಯೇ ಹೊಲಿದು ನೋಡಿ. ಬಹಳ ಮಾದರಿಗಳಲ್ಲಿ ಪೆಡಲಿನ ವೈರ್ ಸಿಕ್ಕಿಸಿದ್ದರೆ ಈ ಗುಂಡಿ ಕೆಲಸ ಮಾಡುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಕಳುಹಿಸುವ ಮುನ್ನ ಆ ವೈರ್ ತೆಗೆದು ನೋಡಿ.

ಕೈಯಿಂದ ತಿರುಗಿಸುವ ಹಳೆಯ ಯಂತ್ರವನ್ನು ಸಂಪಾದನೆಗೆಂದು ನಾನು ಸೂಚಿಸುವುದಿಲ್ಲ. ಬಲಗೈ ಚಕ್ರದಲ್ಲೇ ಕಳೆದುಹೋಗುತ್ತದೆ. ಗಾಲಿಕುರ್ಚಿ ತಳ್ಳಿ ತಳ್ಳಿ ಮೊದಲೇ ಸವೆದ ಭುಜಕ್ಕೆ ಇನ್ನೊಂದು ಹೊರೆ ಅದು.

ಪಂಚಾಯಿತಿಯವರು ತುಳಿಯುವ ಯಂತ್ರ ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಅದರಲ್ಲಿ ಹೊಲಿಗೆ ಯಂತ್ರ ಕೊಡುವುದು ರೂಢಿ. ಕಾಲು ಆಡದವರಿಗೆ ತುಳಿಯುವ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವುದೂ ರೂಢಿ. ಯಂತ್ರ ಮೂಲೆ ಸೇರುತ್ತದೆ, ಅಥವಾ ಅತ್ತಿಗೆಯ ಪಾಲಾಗುತ್ತದೆ.

ಖರೀದಿ ಆಗುವ ಮೊದಲೇ ಪಂಚಾಯಿತಿಗೆ ಲಿಖಿತವಾಗಿ ಕೇಳಿ: "ನನಗೆ ಕಾಲಿನಿಂದ ತುಳಿಯಲು ಸಾಧ್ಯವಿಲ್ಲ, ಮೋಟಾರ್ ಇರುವ, ಕೈಯಿಂದ ನಡೆಸಬಹುದಾದ ಯಂತ್ರ ಬೇಕು." ಅರ್ಜಿಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಕೊಡಿ. ಅವರು ಪಂಚಾಯಿತಿ ಮಟ್ಟದಲ್ಲಿ ಇರುತ್ತಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇಬ್ಬರೂ ಹೆಚ್ಚಾಗಿ ಸ್ವತಃ ವಿಕಲಚೇತನರೇ ಆಗಿರುವುದರಿಂದ ಈ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ. ತುಳಿಯುವ ಯಂತ್ರ ಈಗಾಗಲೇ ಬಂದಿದ್ದರೆ ಕೆಳಗಿನ ತುಳಿಹಲಗೆ, ದೊಡ್ಡ ಚಕ್ರ ಎರಡನ್ನೂ ಬಿಚ್ಚಿಸಿ ಮೋಟಾರ್ ಹಾಕಿಸಿ. ಅವನ್ನು ಬಿಚ್ಚದಿದ್ದರೆ ಗಾಲಿಕುರ್ಚಿಯ ಪಾದದ ಹಲಗೆ ಅಲ್ಲಿಗೆ ತಾಗಿ ನೀವು ಮೇಜಿನಿಂದ ಒಂದು ಗೇಣು ಹಿಂದೆ ಉಳಿಯುತ್ತೀರಿ, ಬೆನ್ನು ಬಾಗಿಸಿ ಹೊಲಿಯಬೇಕಾಗುತ್ತದೆ.

ಟೈಲರಿಂಗ್‌ಗಿಂತ ಮೊದಲು ಸೀರೆ ಕುಚ್ಚು, ಫಾಲ್ಸ್ ಕಲಿಯಿರಿ ಎನ್ನುವುದೇಕೆ?

ರವಿಕೆ ಹೊಲಿಯುವವರು ಅಳತೆ ತೆಗೆಯಬೇಕು, ಬಟ್ಟೆ ಹರವಿ ಕತ್ತರಿಸಬೇಕು, ಅದಕ್ಕೆ ನಿಲ್ಲುವುದು ಅಥವಾ ಎತ್ತರ ಸರಿಹೊಂದಿದ ದೊಡ್ಡ ಮೇಜು ಬೇಕು. ಅಳತೆ ತಪ್ಪಿದರೆ ಬಟ್ಟೆ ಹೋಯಿತು, ಗಿರಾಕಿಯೂ ಹೋದರು. ಕುಚ್ಚಿಗೆ ಮೈ ಅಳತೆಯಿಲ್ಲ, ಬಟ್ಟೆ ಕತ್ತರಿಸುವುದಿಲ್ಲ. ಬೇಕಾಗುವುದು ಸೂಜಿ, ರೇಷ್ಮೆ ದಾರದ ಉಂಡೆಗಳು, ಜರಿ ದಾರ, ಕತ್ತರಿ, ಒಂದು ಅಳತೆಪಟ್ಟಿ. ಸಾವಿರ ರೂಪಾಯಿಯೊಳಗೆ ಆರಂಭಿಸಬಹುದು. ವಿದ್ಯುತ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಕೆಲಸದ ಸ್ವರೂಪ ಹೀಗಿದೆ. ಸೀರೆಯ ಸೆರಗಿನ ಅಂಚು ಸುಮಾರು 45 ಅಂಗುಲ. ಮುಕ್ಕಾಲು ಅಂಗುಲಕ್ಕೊಂದರಂತೆ ಗುರುತು ಹಾಕಿದರೆ 60 ಕುಚ್ಚು ಬೀಳುತ್ತವೆ. ಅಂಚಿನಲ್ಲಿ ನೂಲಿನ ಎಳೆಗಳು ಬಿಟ್ಟಿದ್ದರೆ ಅವನ್ನೇ ಸೇರಿಸಿ ಗಂಟು ಹಾಕಬಹುದು. ಇಲ್ಲದಿದ್ದರೆ ಅಂಚಿಗೆ ಮೊದಲು ಜಿಗ್‌ಜಾಗ್ ಹಾಕಿಸಿ, ದಾರವನ್ನು ಸೂಜಿಯಿಂದ ಒಳಗೆ ತೂರಿಸಿ ಮಡಚಿ, ಕತ್ತಿನ ಹತ್ತಿರ ಜರಿ ಸುತ್ತಿ ಬಿಗಿಯಬೇಕು. ಎಲ್ಲ ಮುಗಿದ ಮೇಲೆ ಅಳತೆಪಟ್ಟಿ ಇಟ್ಟು ತುದಿಗಳನ್ನು ಸಮನಾಗಿ ಕತ್ತರಿಸುವುದು. ಮೊದಲ ಸೀರೆಗೆ ಇಡೀ ದಿನ ಬೇಕಾಗುತ್ತದೆ, ಕೈ ಪಳಗಿದ ಮೇಲೆ ಎರಡು ಗಂಟೆ.

ಕುಳಿತು ಮಾಡುವಾಗ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಬೇಡಿ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು, ಬಿಳಿ ಬಟ್ಟೆ ಹಾಸಿ, ಸೆರಗನ್ನು ಹಲಗೆಯ ಆಚೆ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್‌ನಿಂದ ಕಚ್ಚಿಸಿ. ಅಂಚು ಬಿಗಿಯಾಗಿ ನಿಲ್ಲುತ್ತದೆ, ಕತ್ತು ಎತ್ತಿಕೊಂಡೇ ಕಟ್ಟಬಹುದು.

ಕುಚ್ಚಿನಲ್ಲಿ ಗಿರಾಕಿ ಜಗಳಕ್ಕೆ ಬರುವುದು ಯಾವುದಕ್ಕೆ?

ಹೆಚ್ಚಾಗಿ ಮೂರು ಕಾರಣಕ್ಕೆ. ಮೊದಲನೆಯದು ಅಂಚು ಹರಿಯುವುದು. ಸೂಜಿಯನ್ನು ತೀರ ಅಂಚಿನಲ್ಲಿ ತೂರಿಸಿದರೆ ಕುಚ್ಚಿನ ಭಾರಕ್ಕೆ ನೂಲು ಜಾರಿ ಬರುತ್ತದೆ. ಕನಿಷ್ಠ ಕಾಲು ಅಂಗುಲ ಒಳಗೆ ತೆಗೆದುಕೊಳ್ಳಬೇಕು. ಕಟ್ಟಿದ ಮೇಲೆ ಒಂದು ಕುಚ್ಚನ್ನು ಮೆಲ್ಲಗೆ ಎಳೆದು ನೋಡಿ. ತೂತು ಉದ್ದುದ್ದಕ್ಕೆ ತೆರೆದುಕೊಂಡರೆ ಇನ್ನೂ ಒಳಗೆ ಹೋಗಬೇಕು ಎಂದರ್ಥ.

ಎರಡನೆಯದು ಬಣ್ಣ ಬಿಡುವುದು. ಕಡುಗೆಂಪು, ಕಡುನೀಲಿ, ಕಡುಹಸಿರು ದಾರಗಳಲ್ಲಿ ಕೆಲವು ಒಂದು ಹನಿ ನೀರಿಗೇ ಬಣ್ಣ ಕಾರುತ್ತವೆ. ಹೊಸ ಉಂಡೆ ತಂದಾಗಲೆಲ್ಲ ಒದ್ದೆ ಬಿಳಿ ಬಟ್ಟೆಯಲ್ಲಿ ದಾರ ಉಜ್ಜಿ ನೋಡಿ, ಬಣ್ಣ ಹತ್ತಿದರೆ ತಿಳಿಬಣ್ಣದ ಸೀರೆಗೆ ಆ ಉಂಡೆ ಬೇಡ. ಬಣ್ಣ ಹೊಂದಿಸುವುದನ್ನು ಹಗಲ ಬೆಳಕಿನಲ್ಲಿ ಮಾಡಿ. ರಾತ್ರಿ ಬಲ್ಬಿನ ಕೆಳಗೆ ಒಂದಾಗಿ ಕಂಡ ಎರಡು ನೇರಳೆಗಳು ಮದುವೆ ಮಂಟಪದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ ದಾರ ಆರಿಸುವುದಂತೂ ಬೇಡವೇ ಬೇಡ.

ಮೂರನೆಯದು "ಈ ಕಲೆ ಮೊದಲು ಇರಲಿಲ್ಲ" ಎಂಬ ದೂರು. ಸೀರೆ ಕೈಗೆ ಬಂದ ಕೂಡಲೇ ಅವರೆದುರೇ ಬಿಡಿಸಿ, ಕಲೆ, ಹರುಕು ಇದ್ದರೆ ತೋರಿಸಿ ಫೋಟೊ ತೆಗೆದಿಡಿ. ಹೆಸರಿನ ಚೀಟಿಯನ್ನು ದಾರದಿಂದ ಕಟ್ಟಿ. ಪಿನ್ನು ತುಕ್ಕಿನ ಗುರುತು ಬಿಡುತ್ತದೆ, ಸ್ಟೇಪ್ಲರ್ ರೇಷ್ಮೆಯ ಎಳೆ ಕೀಳುತ್ತದೆ.

ಫಾಲ್ಸ್‌ಗೆ ಯಂತ್ರ ಬೇಕೇ?

ಅಂಚಿನ ಜಿಗ್‌ಜಾಗ್‌ಗೆ ಬೇಕು, ಫಾಲ್ಸ್ ಕೈಹೊಲಿಗೆಯೇ ಚೆಂದ. ಫಾಲ್ಸ್ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಿ. ಹಾಗೆ ಮಾಡದಿದ್ದರೆ ಸೀರೆಯನ್ನು ಮೊದಲ ಸಲ ಒಗೆದಾಗ ಅದು ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ. ಯಂತ್ರ ಬರುವವರೆಗೆ ಜಿಗ್‌ಜಾಗನ್ನು ಬೇರೆಯವರಲ್ಲಿ ಮಾಡಿಸಿಕೊಂಡು ಫಾಲ್ಸ್ ಮಾತ್ರ ನೀವೇ ಹಾಕಬಹುದು.

ತಿಂಗಳಿಗೆ ನಿಜವಾಗಿ ಎಷ್ಟು ಉಳಿಯುತ್ತದೆ?

ಒಂದು ಲೆಕ್ಕ ಹಾಕೋಣ. ದರಗಳು ಸಣ್ಣ ಪಟ್ಟಣಕ್ಕೆ ಹೊಂದುವಂತೆ ನಾನು ಇಟ್ಟುಕೊಂಡವು, ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ ಕೂರಬಲ್ಲ ಒಬ್ಬ ಹೆಣ್ಣುಮಗಳು ಎಂದುಕೊಳ್ಳಿ.

ನೇರ ಗಿರಾಕಿಯಿಂದ ಬಂದ ಸಾದಾ ಕುಚ್ಚಿಗೆ ₹250. ದಾರಕ್ಕೆ ₹40 ಕಳೆದರೆ ₹210, ಎರಡು ಗಂಟೆಯ ಕೆಲಸ, ಗಂಟೆಗೆ ₹105. ಅದೇ ಕುಚ್ಚನ್ನು ಸೀರೆ ಅಂಗಡಿಯವರು ಕಳುಹಿಸಿದರೆ ₹120 ಕೊಡುತ್ತಾರೆ, ಉಳಿಯುವುದು ₹80, ಗಂಟೆಗೆ ₹40. ಫಾಲ್ಸ್‌ಗೆ ₹110, ಬಟ್ಟೆ ₹35, ಒಂದು ಗಂಟೆ, ಉಳಿಕೆ ₹75. ಕ್ರೋಶಾ ಕುಚ್ಚಿಗೆ ₹800, ಸಾಮಾನು ₹100, ಎಂಟು ಗಂಟೆ, ಗಂಟೆಗೆ ₹87 ಚಿಲ್ಲರೆ. ನೋಡಿ, ₹800ರ ಕೆಲಸ ದೊಡ್ಡದಾಗಿ ಕಂಡರೂ ಗಂಟೆಯ ಲೆಕ್ಕದಲ್ಲಿ ಸಾದಾ ಕುಚ್ಚಿಗಿಂತ ಕಡಿಮೆ. ಕೂರುವ ಗಂಟೆಗಳೇ ಬಂಡವಾಳವಾಗಿರುವವರು ಒಂದು ಸೀರೆಗೆ ಎಷ್ಟು ಸಿಕ್ಕಿತು ಎಂದು ನೋಡಬಾರದು, ಒಂದು ಗಂಟೆಗೆ ಎಷ್ಟು ಸಿಕ್ಕಿತು ಎಂದು ನೋಡಬೇಕು.

ತಿಂಗಳಿಗೆ ನೇರ ಕುಚ್ಚು 12, ಅಂಗಡಿಯ ಕುಚ್ಚು 8, ಫಾಲ್ಸ್ 20, ಕ್ರೋಶಾ 2 ಸಿಕ್ಕಿದರೆ ₹2,520, ₹640, ₹1,500, ₹1,400. ಒಟ್ಟು ₹6,060, ಅದಕ್ಕೆ 76 ಗಂಟೆ, ಅಂದರೆ ಹತ್ತೊಂಬತ್ತು ದಿನ. ಅಂಗಡಿಯ ಕೆಲಸವನ್ನು ಪೂರ್ತಿ ಬಿಡಬೇಡಿ, ಗಿರಾಕಿ ಇಲ್ಲದ ದಿನ ಅದೇ ಕೈ ಹಿಡಿಯುತ್ತದೆ. ಆದರೆ ನೇರ ಗಿರಾಕಿಯ ಸೀರೆ ಕಾಯುತ್ತಿರುವಾಗ ಅಂಗಡಿಯ ಗಂಟನ್ನು ಮೊದಲು ಬಿಚ್ಚಬೇಡಿ.

ಇದು ಎಲ್ಲ ತಿಂಗಳ ಲೆಕ್ಕವಲ್ಲ. ವರಮಹಾಲಕ್ಷ್ಮಿ, ಗೌರಿ ಹಬ್ಬ, ದೀಪಾವಳಿ, ಮಾಘದಿಂದ ವೈಶಾಖದ ಮದುವೆಗಳು ಬಂದಾಗ ಕೈ ಸಾಲುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮನೆ ಬಾಗಿಲು ಯಾರೂ ತಟ್ಟುವುದಿಲ್ಲ. ಆಷಾಢಕ್ಕೆ ಸ್ವಲ್ಪ ಮೊದಲು ಶಾಲೆ ತೆರೆಯುವ ಹೊತ್ತಿಗೆ ಸಮವಸ್ತ್ರದ ಗುಂಡಿ, ಅಂಚು ಮಡಚುವ ಕೆಲಸ ಟೈಲರ್‌ಗಳಲ್ಲಿ ರಾಶಿ ಬಿದ್ದಿರುತ್ತದೆ. ಮೇ ತಿಂಗಳಲ್ಲೇ ಮಾತಾಡಿಟ್ಟುಕೊಂಡವರಿಗೆ ಅದು ಸಿಗುತ್ತದೆ.

ಆರಿ ಕಸೂತಿಯಲ್ಲಿ ಹೆಚ್ಚು ಹಣವಿದೆಯಂತೆ?

ಇದೆ, ಕಲಿಯಲು ತಿಂಗಳುಗಳು ಬೇಕು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಮೇಲಿನಿಂದ ಒಂದು ಕೈ, ಕೆಳಗಿನಿಂದ ಒಂದು ಕೈ ಆಡಬೇಕು. ಹಾಗಾಗಿ ಮೇಲೆ ಹೇಳಿದ ಎರಡು ಕೈಯ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ. ಚೌಕಟ್ಟಿನ ಕಾಲುಗಳನ್ನು ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲಕ್ಕೆ ಮಾಡಿಸಿಕೊಳ್ಳಿ.

ದಿನಕ್ಕೆ ಎಷ್ಟು ಹೊತ್ತು ಕೂರಬಹುದು?

ಸ್ಪರ್ಶಜ್ಞಾನ ಇರುವವರಿಗೆ ನೋವೇ ಹೇಳಿಕೊಡುತ್ತದೆ. ಇಲ್ಲದವರಿಗೆ ಗಡಿಯಾರ ಹೇಳಬೇಕು. ಮೊಬೈಲಿನಲ್ಲಿ ಅರ್ಧ ಗಂಟೆಗೊಮ್ಮೆ ಅಲಾರಂ ಇಟ್ಟು, ಅದು ಹೊಡೆದಾಗ ಸೂಜಿ ಕೆಳಗಿಟ್ಟು, ಮುಂದಕ್ಕೆ ಮೇಜಿನ ಮೇಲೆ ಬಾಗಿ ಅಥವಾ ಒಂದೊಂದು ಪಕ್ಕಕ್ಕೆ ವಾಲಿ, ಎರಡು ನಿಮಿಷ ಕುಂಡಿಯ ಮೇಲಿನ ಭಾರ ತೆಗೆಯಬೇಕು. ಅರ್ಜೆಂಟ್ ಸೀರೆ ಇದ್ದ ದಿನವೇ ಇದು ತಪ್ಪುವುದು, ಒತ್ತಡದ ಹುಣ್ಣು ಆರಂಭವಾಗುವುದೂ ಅಂಥ ದಿನವೇ. ಹುಣ್ಣಾದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗುತ್ತದೆ.

ರಾತ್ರಿ ಕನ್ನಡಿ ಹಿಡಿದು ಕೂರುವ ಮೂಳೆಗಳ ಮೇಲಿನ ಚರ್ಮ ನೋಡಿ. ಹುಣ್ಣಿನ ಮೊದಲ ಗುರುತಾದ ಕೆಂಪು, ಕಪ್ಪು ಮೈಬಣ್ಣದಲ್ಲಿ ಕಾಣದಿರಬಹುದು. ಕೈಯಿಂದ ಮುಟ್ಟಿದಾಗ ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಅನಿಸಿದರೆ, ಭಾರ ತೆಗೆದು ಅರ್ಧ ಗಂಟೆಯಾದರೂ ಹಾಗೇ ಇದ್ದರೆ, ಅದು ವಾಸಿಯಾಗುವವರೆಗೆ ಆ ಜಾಗದ ಮೇಲೆ ಕೂರಬಾರದು. ಚರ್ಮ ಒಡೆದಿದ್ದರೆ ವೈದ್ಯರಿಗೆ ತೋರಿಸಿ.

ಇಸ್ತ್ರಿ ಪೆಟ್ಟಿಗೆಯನ್ನು ತೊಡೆಯ ಮೇಲಿನ ಹಲಗೆಯಲ್ಲಿ ಎಂದೂ ಇಡಬೇಡಿ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಸೂಜಿಗಳನ್ನು ಎಣಿಸಿ ತೆಗೆದು ಎಣಿಸಿ ಇಡಿ, ಎದ್ದು ಹೋಗುವ ಮುನ್ನ ಕುರ್ಚಿಯ ಮೇಲೆ ಅಯಸ್ಕಾಂತ ಆಡಿಸಿ. ಇನ್ನು ಶೌಚಕ್ಕೆ ಹೋಗುವುದು ಕಷ್ಟವೆಂದು ಕೆಲಸದ ದಿನ ನೀರು ಕುಡಿಯದೇ ಇರುವವರು ಬಹಳ. ಮೂತ್ರದ ಸೋಂಕಿಗೆ ಅದು ನೇರ ದಾರಿ. ಕೆಲಸದ ಜಾಗವನ್ನು ಬಾಗಿಲ ಬಳಿ ಬೆಳಕಿಗಾಗಿ ಇಡುವುದಕ್ಕಿಂತ ಬಚ್ಚಲಿನ ಹತ್ತಿರ ಇಟ್ಟು ಒಂದು ಒಳ್ಳೆಯ ದೀಪ ಹಾಕಿಸುವುದು ವಾಸಿ.

ದನಿಯಿಂದ ಸಂಪಾದಿಸುವ ಕೆಲಸ ಯಾವುದು?

ಕನ್ನಡ ಸ್ಪಷ್ಟವಾಗಿ ಮಾತಾಡಬಲ್ಲವರಿಗೆ ದೂರವಾಣಿ ಕೆಲಸ ಸಿಗುತ್ತದೆ. ಬ್ಯಾಂಕ್, ಆಸ್ಪತ್ರೆ, ಮಾರಾಟ ಕಂಪನಿಗಳ ಪರವಾಗಿ ಗ್ರಾಹಕರ ಜೊತೆ ಮಾತಾಡುವುದು. ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾ ಕಾಲ್ ಸೆಂಟರ್ ಕೆಲಸಕ್ಕೆ ಹೆಚ್ಚಾಗಿ ವಿಕಲಚೇತನರನ್ನೇ ತೆಗೆದುಕೊಳ್ಳುವ ಸಂಸ್ಥೆ. 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1999ರ ಎನೇಬಲ್ ಇಂಡಿಯಾ ಇವೆರಡೂ ಬೆಂಗಳೂರಿನಲ್ಲಿ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ಪ್ರಯತ್ನ ಮಾಡುತ್ತವೆ. ಮಾತಾಡುತ್ತಲೇ ಕಂಪ್ಯೂಟರಿನಲ್ಲಿ ಬರೆಯಬೇಕಾಗುವುದರಿಂದ ಯೂನಿಕೋಡ್ ಕನ್ನಡ ಟೈಪಿಂಗ್ ಬಂದರೆ ಅನುಕೂಲ.

ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಉಸಿರಿನ ಬಲ ಕಡಿಮೆ. ಬೆಳಿಗ್ಗೆ ಗಟ್ಟಿಯಾಗಿದ್ದ ದನಿ ಎರಡು ಗಂಟೆಯಲ್ಲಿ ಪಿಸುಮಾತಾಗಬಹುದು. ಎಂಟು ಗಂಟೆಯ ಪಾಳಿಗೆ ಒಪ್ಪುವ ಮುನ್ನ ಮನೆಯಲ್ಲಿ ಪತ್ರಿಕೆಯನ್ನು ಎರಡು ಗಂಟೆ ಗಟ್ಟಿಯಾಗಿ ಓದಿ ನೋಡಿ. ಅಂಥವರಿಗೆ ಸಂಜೆ ಒಂದೂವರೆ ಗಂಟೆ ಮಕ್ಕಳಿಗೆ ಪಾಠ ಹೇಳುವುದು ಹೆಚ್ಚು ಹೊಂದುತ್ತದೆ. ಮನೆಗೆ ಮೆಟ್ಟಿಲಿದ್ದರೂ ಮಕ್ಕಳು ಹತ್ತಿ ಬರುತ್ತಾರೆ.

ಮನೆಯಲ್ಲೇ ಡೇಟಾ ಎಂಟ್ರಿ, ತಿಂಗಳಿಗೆ 25 ಸಾವಿರ ಎಂಬ ಸಂದೇಶ ಬಂದಿದೆ. ಸೇರಲೇ?

ಸೇರಬೇಡಿ. ಕೆಲವರು ನೋಂದಣಿ ಶುಲ್ಕ ಕಟ್ಟಿಸಿಕೊಂಡು ಮಾಯವಾಗುತ್ತಾರೆ. ಇನ್ನು ಕೆಲವರು ಹಣ ಕೇಳುವುದಿಲ್ಲ, ಆನ್‌ಲೈನ್ ಒಪ್ಪಂದಕ್ಕೆ ಸಹಿ ಹಾಕಿಸಿ, ವಾರ ಪೂರ್ತಿ ಟೈಪ್ ಮಾಡಿಸಿ, "ನಿಖರತೆ ಸಾಲದು, ದಂಡ ಕಟ್ಟಿ" ಎಂದು ವಕೀಲರ ಹೆಸರಿನ ನೋಟಿಸ್ ಕಳುಹಿಸುತ್ತಾರೆ. ಹೆದರಿ ಹಣ ಕಳುಹಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ.

ಸಾಲ, ಸಹಾಯಧನ ಎಲ್ಲಿಂದ?

ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್. swavlambancard.gov.in ನಲ್ಲಿ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆ ಮುಗಿಸಬೇಕು. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ನಮೂದಾಗಿದ್ದರೆ ಮಾತ್ರ ಹೆಚ್ಚಿನ ಯೋಜನೆಗಳ ಬಾಗಿಲು ತೆರೆಯುತ್ತದೆ.

ಕಲಿಯಲು ರುಡ್‌ಸೆಟ್ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿಯ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿವೆ, ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಸೇರುವ ಮುನ್ನ ಶೌಚಾಲಯದ ಬಾಗಿಲಿನ ಅಗಲ ಎಷ್ಟು, ಹಾಸ್ಟೆಲ್ ನೆಲಮಹಡಿಯಲ್ಲಿ ಇದೆಯೇ ಎಂದು ಫೋನಿನಲ್ಲಿ ಕೇಳಿ.

ಟೈಲರ್‌ಗಳಿಗೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನವೊಂದಕ್ಕೆ ₹500 ಭತ್ಯೆ, ಸಲಕರಣೆಗೆ ₹15,000ದ ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ ₹1 ಲಕ್ಷದವರೆಗೆ ಸಾಲ ಇದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ, ಹಾಗಾಗಿ ಮನೆಯಲ್ಲಿ ಯಾರ ಹೆಸರು ಎಂದು ಮೊದಲೇ ತೀರ್ಮಾನಿಸಿ. ನಾಲ್ಕಾರು ಯಂತ್ರ ಹಾಕಿ ದೊಡ್ಡದಾಗಿ ಮಾಡುವವರಿಗೆ ಸ್ವಂತ ಉದ್ಯಮಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆ ಇದೆ. ವಿಕಲಚೇತನರು ಶೇ 5ರಷ್ಟು ಸ್ವಂತ ಹಣ ಹಾಕಿದರೆ ಸಾಕು, ಹಳ್ಳಿಯಲ್ಲಿ ಶೇ 35, ನಗರದಲ್ಲಿ ಶೇ 25 ಸಹಾಯಧನ. ಆ ಹಣ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ರಾಜ್ಯದ ವಿಕಲಚೇತನರ ಇಲಾಖೆಯ ಯೋಜನೆಗಳಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು.

ಕುಚ್ಚಿಗೆ ಮಾತ್ರ ಸಾಲ ಮಾಡಬೇಡಿ. ಆರು ತಿಂಗಳ ಕುಚ್ಚಿನ ಲೆಕ್ಕಪುಸ್ತಕ ತೋರಿಸಿ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.

ಗಂಡಸರು ಕುಚ್ಚು ಕಟ್ಟಿದರೆ ಸೀರೆ ಕೊಡುತ್ತಾರೆಯೇ?

ಕೊಡುತ್ತಾರೆ. ಸೀರೆ ನೇಯುವವರಲ್ಲಿ, ಆರಿ ಮಾಡುವವರಲ್ಲಿ ಗಂಡಸರು ಬೇಕಾದಷ್ಟಿದ್ದಾರೆ. ಹೆಂಗಸರು ಮನೆಗೆ ಬರಲು ಹಿಂಜರಿಯುವ ಕಡೆ ಸೀರೆ ತರುವ, ಒಪ್ಪಿಸುವ ಕೆಲಸವನ್ನು ಅಕ್ಕನೋ ತಾಯಿಯೋ ನೋಡಿಕೊಳ್ಳಲಿ. ಅವರಿಗೆ ಸೀರೆಗೆ ಇಷ್ಟೆಂದು ಪಾಲು ಕೊಡಿ, ಆ ಪಾಲನ್ನೂ ಗಂಟೆಯ ಲೆಕ್ಕದಲ್ಲಿ ಕಳೆದು ಬರೆಯಿರಿ.